ಹಳೇ ಸೈಟಿನ ಲಾಭ ಅಳೆಯಲು ಯಾವ ಸೂಚ್ಯಂಕ?

2001ರಲ್ಲಿ 2 ಲಕ್ಷಕ್ಕೆ ಕೊಂಡ ಸೈಟನ್ನು 2023ರ ಡಿಸೆಂಬರ್‌ನಲ್ಲಿ 7.5 ಲಕ್ಷಕ್ಕೆ ಮಾರಿದ್ದೀರಿ ಅಂದುಕೊಳ್ಳಿ. ಇದು ನಿಜಕ್ಕೂ ಲಾಭವೇ? ನೀವು ಯಾವ ಸೂಚ್ಯಂಕ ಹಿಡಿಯುತ್ತೀರಿ ಅನ್ನುವುದರ ಮೇಲೆ ಉತ್ತರವೇ ತಿರುಗಿಬಿಡುತ್ತದೆ.

ಆದಾಯ ತೆರಿಗೆಯ ವೆಚ್ಚ ಹಣದುಬ್ಬರ ಸೂಚ್ಯಂಕ 2001-02ಕ್ಕೆ 100, 2023-24ಕ್ಕೆ 348. ಕೊಂಡ ಬೆಲೆಯನ್ನು 348ರಿಂದ ಗುಣಿಸಿ 100ರಿಂದ ಭಾಗಿಸಿದರೆ 6.96 ಲಕ್ಷ. ಅಂದರೆ 54 ಸಾವಿರ ಲಾಭ. ಲೆಕ್ಕ ಸುಲಭ, ವರ್ಷಕ್ಕೆ ಒಂದೇ ಅಂಕಿ. ಆದರೆ ಇದು ಪೂರ್ತಿ ಬೆಲೆಯೇರಿಕೆಯಲ್ಲ: ನಗರ ಗ್ರಾಹಕ ಬೆಲೆ ಸೂಚ್ಯಂಕ ಏರಿದ್ದರಲ್ಲಿ ಶೇ. 75ರಷ್ಟನ್ನು ಮಾತ್ರ ಸರ್ಕಾರ ಲೆಕ್ಕಕ್ಕೆ ಹಿಡಿಯುತ್ತದೆ.

ಲೇಬರ್ ಬ್ಯೂರೋ ಪ್ರತಿ ತಿಂಗಳು ಕೊಡುವ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕದಲ್ಲಿ ಆ ಕಡಿತವಿಲ್ಲ. ಇಲ್ಲಿ ಎಡವುವುದು ಮೂಲ ವರ್ಷದಲ್ಲಿ, ಅಂದರೆ ಸೂಚ್ಯಂಕವನ್ನು 100 ಎಂದು ಹಿಡಿಯುವ ವರ್ಷದಲ್ಲಿ. 2023ರ ಡಿಸೆಂಬರ್‌ನ ಅಂಕಿ 138.8, ಆದರೆ ಅದಕ್ಕೆ 2016 = 100. ಹಳೆಯ ಸರಣಿಗೆ 2001 = 100. ನೇರವಾಗಿ ಭಾಗಿಸಿದರೆ 2 ಲಕ್ಷ ಬರೀ 2.78 ಲಕ್ಷವಾಗುತ್ತದೆ, ಇಪ್ಪತ್ತೆರಡು ವರ್ಷಕ್ಕೆ ಇಷ್ಟೇನಾ ಎಂದು ಅನುಮಾನ ಬರಲೇಬೇಕು. ಎರಡು ಸರಣಿಗಳನ್ನು ಬೆಸೆಯುವ ಗುಣಕ 2.88. ಅದರಿಂದ ಗುಣಿಸಿದರೆ ಸುಮಾರು 400, ಕೊಂಡ ಬೆಲೆ 8 ಲಕ್ಷ. ಈಗ ಅದೇ ಮಾರಾಟ 50 ಸಾವಿರ ನಷ್ಟ!

2023ರ ಆ ಮಾರಾಟದ ತೆರಿಗೆ ಲೆಕ್ಕಕ್ಕೆ ಮೊದಲನೆಯದೇ ಬೇಕಿತ್ತು, ಬೇರೆ ದಾರಿಯಿರಲಿಲ್ಲ. ಕೈಯಲ್ಲಿರುವ ದುಡ್ಡಿನ ಕೊಳ್ಳುವ ಶಕ್ತಿ ತಿಳಿಯಲು ನಾನು ಎರಡನೆಯದನ್ನೇ ನಂಬುತ್ತೇನೆ. ಅದು ಅಳೆಯುವುದು ದಿನಸಿ, ಬಾಡಿಗೆ, ಬಟ್ಟೆಗಳ ಬೆಲೆಯನ್ನು. ನಿಮ್ಮ ಬಡಾವಣೆಯ ಸೈಟಿನ ದರವನ್ನಲ್ಲ.