ನಾಲ್ಕು ಬೇಸಿಗೆ ಕಂಡ ನನ್ನ 100 ಮೈಕ್ರೋಲೀಟರ್ ಪಿಪೆಟ್

ವಿಜಯಪುರದಲ್ಲಿ ಮಣ್ಣು, ನೀರು ಮತ್ತು ದ್ರಾಕ್ಷಿ ಎಲೆತೊಟ್ಟು ಪರೀಕ್ಷಿಸುವ ಒಂದು ಸಣ್ಣ ಪ್ರಯೋಗಾಲಯ ನನ್ನದು. 2021ರ ಅಕ್ಟೋಬರಿನಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ಹನಿಯಷ್ಟು ದ್ರವವನ್ನು ಅಳೆದು ಬಿಡುವ, 10ರಿಂದ 100 ಮೈಕ್ರೋಲೀಟರಿನ ಒಂದು ಮೈಕ್ರೋಪಿಪೆಟ್ ಕೊಂಡೆ. ದುಬಾರಿ ಹೆಸರಿನದ್ದಲ್ಲ. ಹಿಡಿ ಕೈಗೆ ಚೆನ್ನಾಗಿ ಕೂರುತ್ತದೆ, ಗುಂಡಿ ಒತ್ತಿದರೆ ಹೆಬ್ಬೆರಳು ನೋಯುವುದಿಲ್ಲ. ಉಳಿದ ಗುಣಲಕ್ಷಣಗಳು ಪೆಟ್ಟಿಗೆಯ ಮೇಲೆಯೇ ಇವೆ, ಅವನ್ನು ಬರೆಯಲು ನಾನು ಕೂತಿಲ್ಲ. ಪೆಟ್ಟಿಗೆಯೊಳಗೆ ಬಂದ ಒಂದು ಚಿಕ್ಕ ಪ್ಲಾಸ್ಟಿಕ್ ಕೀಲಿಯ ಬಗ್ಗೆ ಬರೆಯಬೇಕಾಗಿದೆ.

ಪಿಪೆಟ್ ಹೆಚ್ಚು ಅಥವಾ ಕಡಿಮೆ ಸುರಿಯುತ್ತಿದ್ದರೆ ಸರಿಪಡಿಸಿಕೊಳ್ಳಲು ಕೊಟ್ಟ ಕೀಲಿ ಅದು. 2022ರ ಏಪ್ರಿಲ್‌ನಲ್ಲಿ, ಕೊಂಡ ಆರು ತಿಂಗಳಿಗೆ, ನಾನು ಮೊದಲ ಸಲ ನೀರು ತೂಗಿ ಪರೀಕ್ಷಿಸಿದೆ. 100ಕ್ಕೆ ಇಟ್ಟು ಹತ್ತು ಸಲ ಬೀಕರಿಗೆ ಬಿಟ್ಟೆ. ಸರಾಸರಿ 98.6 ಮಿಲಿಗ್ರಾಂ ಬಂತು. ಒಂದು ಮಿಲಿಗ್ರಾಂ ನೀರು ಎಂದರೆ ಒಂದು ಮೈಕ್ರೋಲೀಟರ್ ಎಂದು ಶಾಲೆಯಲ್ಲಿ ಕಲಿತದ್ದೇ ತಲೆಯಲ್ಲಿತ್ತು. ಹಾಗಾದರೆ ಶೇಕಡಾ 1.4 ಕೊರತೆ. ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8655 ಈ ಅಳತೆಗೆ ಒಪ್ಪುವ ತಪ್ಪು ಹೆಚ್ಚೆಂದರೆ 0.8 ಮೈಕ್ರೋಲೀಟರ್. ಮಾರಿದವನನ್ನು ಮನಸ್ಸಿನಲ್ಲೇ ಬೈದುಕೊಂಡು ಕೀಲಿ ತಿರುಗಿಸಿದೆ. ತೂಕ 100ರ ಹತ್ತಿರ ಬರುವವರೆಗೆ ತಿರುಗಿಸಿ, ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಚಹಾ ಕುಡಿಯಲು ಹೋದೆ.

ಜುಲೈನಲ್ಲಿ ಮಳೆ ಹಿಡಿದು ಕೋಣೆ ತಣ್ಣಗಾದ ಮೇಲೆ ಅದೇ ಪರೀಕ್ಷೆ ಮಾಡಿದರೆ 100.6 ಮಿಲಿಗ್ರಾಂ. ಏಪ್ರಿಲ್‌ನಲ್ಲಿ ಕಡಿಮೆ ಸುರಿದ ಪಿಪೆಟ್ ಜುಲೈನಲ್ಲಿ ಹೆಚ್ಚು ಸುರಿಯುತ್ತದೆಯೇ? ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಪಿಪೆಟ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ನೀರಿನ ಉಷ್ಣತೆ ಎಷ್ಟಿತ್ತು? ಬೀಕರಿಗೆ ಮುಚ್ಚಳ ಇತ್ತೇನು?” ಎಂದರು. ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. “ಹಾಗಾದರೆ ಮೊದಲು ಆ ಕೀಲಿಯನ್ನು ಇದ್ದಲ್ಲಿಗೆ ತಿರುಗಿಸಿರಿ” ಎಂದರು.

ಮರುವರ್ಷದ ಏಪ್ರಿಲ್‌ಗೆ ಕಾದು, ಅದೇ ಬೀಕರ್, ಅದೇ ಮಧ್ಯಾಹ್ನದ ಹೊತ್ತು ಹಿಡಿದು ಮತ್ತೆ ತೂಗಿದೆ. ಕೀಲಿ ಈಗ ಮೂಲ ಸ್ಥಾನದಲ್ಲಿತ್ತು. ಮತ್ತೆ 98.6. ಈ ಸಲ ಜೊತೆಗೆ ಮೂರು ಸಂಗತಿ ಬರೆದುಕೊಂಡಿದ್ದೆ. ನೀರಿನ ಉಷ್ಣತೆ 31 ಡಿಗ್ರಿ, ಕೋಣೆಯ ಆರ್ದ್ರತೆ ಶೇಕಡಾ 24, ಮತ್ತು ಒಂದೊಂದು ಸುತ್ತಿನಲ್ಲಿ ಬೀಕರಿನಿಂದ ಆವಿಯಾಗಿ ಹೋಗುವ ನೀರು.

ಮೊದಲು ಉಷ್ಣತೆ. 31 ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ನೀರು 0.9953 ಗ್ರಾಂ ಅಷ್ಟೆ. ಇದರ ಜೊತೆ ಗಾಳಿಯ ಲೆಕ್ಕವೂ ಇದೆ. ನೀರಿನಲ್ಲಿ ಮುಳುಗಿದ ಕೊಡ ಹಗುರವಾಗುವ ಹಾಗೆ, ಗಾಳಿಯಲ್ಲಿರುವ ನೀರನ್ನೂ ಗಾಳಿ ತುಸು ಎತ್ತಿ ಹಿಡಿಯುತ್ತದೆ. ತಕ್ಕಡಿಯನ್ನು ಹೊಂದಿಸಿದ ಉಕ್ಕಿನ ತೂಕದ ಬಟ್ಟು ಅಷ್ಟೇ ತೂಕದ ನೀರಿಗಿಂತ ಬಹಳ ಕಡಿಮೆ ಜಾಗ ಹಿಡಿಯುವುದರಿಂದ ಅದನ್ನು ಗಾಳಿ ಎತ್ತುವುದು ಕಡಿಮೆ. ಹಾಗಾಗಿ ತಕ್ಕಡಿ ನೀರಿಗೆ ನಿಜಕ್ಕಿಂತ ಕೊಂಚ ಕಡಿಮೆ ತೋರಿಸುತ್ತದೆ. ಸಾಂದ್ರತೆ ಮತ್ತು ಗಾಳಿ ಎರಡನ್ನೂ ಸೇರಿಸಿ ಒಂದೇ ಗುಣಕ ಮಾಡಿಟ್ಟಿದ್ದಾರೆ, ಅದನ್ನು ಝಡ್ ಎನ್ನುತ್ತಾರೆ. ಮಿಲಿಗ್ರಾಂ ಅನ್ನು ಅದರಿಂದ ಗುಣಿಸಿದರೆ ಮೈಕ್ರೋಲೀಟರ್ ಸಿಗುತ್ತದೆ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಕೈಪಿಡಿಯಲ್ಲಿ ಝಡ್ ಕೋಷ್ಟಕ ಇದ್ದದ್ದು ನಿಜ, ನಾನು ಓದದೆ ಬಿಟ್ಟದ್ದೂ ನಿಜ. ಆದರೆ ಆ ಕೋಷ್ಟಕ 15 ಡಿಗ್ರಿಗೆ ಶುರುವಾಗಿ 30 ಡಿಗ್ರಿಗೆ ಮುಗಿದುಹೋಗುತ್ತದೆ! ನಮ್ಮ ಏಪ್ರಿಲ್ ಮಧ್ಯಾಹ್ನ ಆ ಪುಟದಲ್ಲಿ ಇಲ್ಲವೇ ಇಲ್ಲ. ಕೊನೆಗೆ ನಾನೇ ಲೆಕ್ಕ ಹಾಕಿದೆ. 31 ಡಿಗ್ರಿಗೆ, ಸಮುದ್ರ ಮಟ್ಟದಲ್ಲಾದರೆ ಝಡ್ 1.0057. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತುಸು ತೆಳು, 1.0056 ಆಗುತ್ತದೆ. ಎತ್ತರದಿಂದ ಆಗುವ ವ್ಯತ್ಯಾಸ ಇಷ್ಟೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

98.6ನ್ನು 1.0056ರಿಂದ ಗುಣಿಸಿದರೆ 99.15. ಕೊರತೆ ಶೇಕಡಾ 1.4ರಿಂದ 0.85ಕ್ಕೆ ಇಳಿಯಿತು. ಆದರೂ ಕೂದಲೆಳೆಯಷ್ಟು ಮಿತಿಯ ಹೊರಗೆ.

ಇನ್ನು ಆವಿ. ಇದನ್ನು ಅಳೆಯುವ ಉಪಾಯ ಹಿರಿಯರು ಹೇಳಿಕೊಟ್ಟದ್ದು, ಕೇಳಿದಾಗ ನಗು ಬಂದಿತ್ತು. ಎಲ್ಲವನ್ನೂ ಮಾಡುವುದು, ನೀರು ಮಾತ್ರ ಬಿಡದಿರುವುದು. ತಕ್ಕಡಿಯ ಬಾಗಿಲು ತೆರೆಯಬೇಕು, ಖಾಲಿ ಪಿಪೆಟ್ಟಿನ ತುದಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಟಿಪ್ಪನ್ನು ಬೀಕರಿನ ಗೋಡೆಗೆ ತಾಗಿಸಬೇಕು, ಬಾಗಿಲು ಮುಚ್ಚಿ ಅಷ್ಟೇ ಹೊತ್ತು ಎಣಿಸಿ ತೂಕ ಓದಬೇಕು. ನೀರೇ ಬಿಟ್ಟಿಲ್ಲವಾದ್ದರಿಂದ ತೂಕ ಎಷ್ಟು ಇಳಿಯಿತೋ ಅಷ್ಟೂ ಆವಿ. ನನ್ನ ಅಗಲ ಬಾಯಿಯ 50 ಮಿಲಿಲೀಟರ್ ಬೀಕರಿನಿಂದ ಒಂದೊಂದು ಸುತ್ತಿನಲ್ಲಿ 0.5 ಮಿಲಿಗ್ರಾಂ ಹಾರಿಹೋಗುತ್ತಿತ್ತು. ಅದನ್ನು ತೂಕಕ್ಕೆ ಮರಳಿ ಸೇರಿಸಬೇಕು. V ಸುರಿದ ಪರಿಮಾಣ, m ತೂಕ, e ಆವಿ, Z ಆ ಝಡ್ ಎಂದುಕೊಂಡರೆ:

V = (m + e) × Z

ಎಂದರೆ 98.6ಕ್ಕೆ 0.5 ಸೇರಿಸಿ 1.0056ರಿಂದ ಗುಣಿಸಿದಾಗ 99.65 ಮೈಕ್ರೋಲೀಟರ್. ಕೊರತೆ ಶೇಕಡಾ 0.35. ನಾನು ಮನಸ್ಸಿನಲ್ಲೇ ಬೈದುಕೊಂಡ ಪಿಪೆಟ್ ಮೊದಲ ದಿನದಿಂದಲೂ ಸರಿಯಾಗಿತ್ತು. ಹೆಚ್ಚು ಸುರಿಯುವ ಹಾಗೆ ಅದನ್ನು ಕೆಡಿಸಿದವನು ನಾನೇ. ಜುಲೈನ ಲೆಕ್ಕವನ್ನೂ ಆಮೇಲೆ ಹಾಕಿದೆ. 25 ಡಿಗ್ರಿ ನೀರು, ಝಡ್ 1.0039, ಆವಿ ಬರೀ 0.1. ಬಂದ ಉತ್ತರ 101.1. ಅಂದರೆ ಆ ಮೂರು ತಿಂಗಳು ಮಾದರಿಯನ್ನು ಹೋಲಿಸಿ ನೋಡಲು ನಾನು ಮಾಡಿದ ರಂಜಕದ ಪ್ರಮಾಣ ದ್ರಾವಣಗಳೆಲ್ಲ ಬರೆದದ್ದಕ್ಕಿಂತ ಶೇಕಡಾ ಒಂದರಷ್ಟು ಗಟ್ಟಿ. ಮಾದರಿಯನ್ನೂ ಅದೇ ಪಿಪೆಟ್ಟಿನಿಂದ ಅಳೆದಿದ್ದರೆ ತಪ್ಪು ತಪ್ಪಿಗೆ ವಜಾ ಆಗುತ್ತಿತ್ತು. ನಾನು ಮಾದರಿಗೆ ಗಾಜಿನ ಪಿಪೆಟ್ ಬಳಸುತ್ತೇನೆ, ಆದ್ದರಿಂದ ತಪ್ಪು ಹಾಗೆಯೇ ಉಳಿದು ವರದಿಗೆ ಹೋಯಿತು. ಒಂದು ಶೇಕಡಾಕ್ಕೆ ಯಾರ ದ್ರಾಕ್ಷಿ ಬಳ್ಳಿಯೂ ಒಣಗುವುದಿಲ್ಲ. ಆದರೂ ಏಪ್ರಿಲ್‌ನಲ್ಲಿ ಬಳ್ಳಿ ಸವರುವ ಚಾಟ್ನಿಯ ನಂತರ ಎಲೆತೊಟ್ಟು ತಂದ ರೈತರ ಮುಖ ನೋಡುವಾಗ ನನಗೆ ಅದು ನೆನಪಾಗುತ್ತಿತ್ತು.

ಈಗ ತಿಂಗಳ ಮೊದಲ ಸೋಮವಾರ ಬೆಳಗಿನ ಆರು ಗಂಟೆಗೆ ತೂಗುತ್ತೇನೆ, ಮತ್ತು ಹೇಳಲು ನಾಚಿಕೆಯಿಲ್ಲ, ಆ ಒಂದು ಗಂಟೆಗಾಗಿ ಕಾಯುತ್ತೇನೆ. ಭಟ್ಟಿ ಇಳಿಸಿದ ನೀರು, ಪಿಪೆಟ್, ಟಿಪ್ ಡಬ್ಬಿ ಮೂರೂ ಹಿಂದಿನ ರಾತ್ರಿಯೇ ತಕ್ಕಡಿಯ ಪಕ್ಕ ಬಂದು ಕೂತಿರುತ್ತವೆ, ಮೂರರ ಉಷ್ಣತೆಯೂ ಒಂದೇ ಆಗಲಿ ಎಂದು. ತಕ್ಕಡಿಯನ್ನು ರಾತ್ರಿಯಿಡೀ ಚಾಲೂ ಬಿಡುತ್ತೇನೆ. ಬೇಸಿಗೆಯಲ್ಲಿ ಅರ್ಧ ಗಂಟೆ ಕೂಲರ್ ಓಡಿಸಿದರೆ ಕೋಣೆಯ ಆರ್ದ್ರತೆ ಐವತ್ತು ದಾಟುತ್ತದೆ. ಆಮೇಲೆ ಕೂಲರನ್ನೂ ಫ್ಯಾನನ್ನೂ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಗಾಳಿಗೆ ತಕ್ಕಡಿಯ ಕೊನೆಯ ಅಂಕಿ ಕುಣಿಯುತ್ತಲೇ ಇರುತ್ತದೆ. ಥರ್ಮಾಮೀಟರ್ ನೀರಿನೊಳಗೇ ಇರಬೇಕು, ಗೋಡೆಯ ಮೇಲಿನದ್ದು ನಡೆಯುವುದಿಲ್ಲ.

ಬೀಕರಿನ ಜಾಗಕ್ಕೆ ಹೋಮಿಯೋಪತಿ ಮಾತ್ರೆಯ ಚಿಕ್ಕ ಗಾಜಿನ ಸೀಸೆ ಬಂದಿದೆ. ಬಾಯಿ ಕಿರಿದು, ಮುಚ್ಚಳವೂ ಇದೆ. ತಳದಲ್ಲಿ ಸ್ವಲ್ಪ ನೀರು ಹಾಕಿ, ತಕ್ಕಡಿಯ ಗಾಜಿನ ಗೂಡಿನ ಮೂಲೆಯಲ್ಲಿ ಒಂದು ಬಟ್ಟಲು ನೀರನ್ನೂ ಇಟ್ಟರೆ ಏಪ್ರಿಲ್‌ನಲ್ಲೂ ಆವಿಯ ನಷ್ಟ 0.1 ದಾಟುವುದಿಲ್ಲ. ಟಿಪ್ಪನ್ನು ಮೊದಲು ನಾಲ್ಕೈದು ಸಲ ನೀರಿನಿಂದ ತೊಳೆದುಕೊಳ್ಳುತ್ತೇನೆ. ಒಣ ಟಿಪ್ಪಿನೊಳಗೆ ನೀರು ಆವಿಯಾಗಿ ಗಾಳಿ ಹಿಗ್ಗುತ್ತದೆ, ಮೊದಲ ಒಂದೆರಡು ಸಲ ಕಡಿಮೆ ಸುರಿಯುತ್ತದೆ. ಟಿಪ್ ನೀರಿನಲ್ಲಿ ಎರಡು ಮೂರು ಮಿಲಿಮೀಟರ್ ಮಾತ್ರ ಮುಳುಗಬೇಕು. ಪಿಪೆಟ್ಟನ್ನು ಕೈಯಲ್ಲೇ ಹಿಡಿದುಕೊಂಡು ಕೂರುವುದಿಲ್ಲ, ಸುತ್ತಿನ ನಡುವೆ ಸ್ಟ್ಯಾಂಡಿಗೆ ತೂಗುಹಾಕುತ್ತೇನೆ. ಅಂಗೈಯ ಬಿಸಿಗೂ ಒಳಗಿನ ಗಾಳಿ ಹಿಗ್ಗುತ್ತದೆ.

ಹೀಗೆ ತೂಗುವ ಗೀಳು ಹಿಡಿದ ಮೇಲೆ ಗಾಜಿನ ಪಾತ್ರೆಗಳೂ ತಪ್ಪಿಸಿಕೊಳ್ಳಲಿಲ್ಲ. ನಮ್ಮ 10 ಮಿಲಿಲೀಟರಿನ ಎ ದರ್ಜೆಯ ಪಿಪೆಟ್ 30 ಡಿಗ್ರಿ ನೀರಿನಲ್ಲಿ 9.936 ಗ್ರಾಂ ಸುರಿಯಿತು. ಅದಕ್ಕಿರುವ ಮಿತಿ 0.02 ಮಿಲಿಲೀಟರ್. ಬರೀ ತೂಕ ನೋಡಿದರೆ ಮಿತಿಯ ಮೂರು ಪಟ್ಟು ತಪ್ಪು! 1.0053ರಿಂದ ಗುಣಿಸಿದರೆ 9.989, ಮಿತಿಯೊಳಗೇ ಇದೆ. ಇಲ್ಲಿ ಆವಿಯ ಚಿಂತೆ ಬೇಡ, ಹತ್ತು ಗ್ರಾಂನಲ್ಲಿ ಒಂದು ಮಿಲಿಗ್ರಾಂ ಹೋದರೂ ಲೆಕ್ಕಕ್ಕಿಲ್ಲ. ಗಾಜಿನ ಮೇಲೆ 27 ಡಿಗ್ರಿ ಎಂದು ಬರೆದಿದೆಯಲ್ಲ, 30ರಲ್ಲಿ ಗಾಜೂ ಹಿಗ್ಗುತ್ತದಲ್ಲ ಎಂದು ನನ್ನ ಸಹಾಯಕಿ ಕೇಳಿದಳು. ಹಿಗ್ಗುತ್ತದೆ, ಆದರೆ ಬೋರೋಸಿಲಿಕೇಟ್ ಗಾಜು ಮೂರು ಡಿಗ್ರಿಗೆ ಹಿಗ್ಗುವುದರಿಂದ ಆಗುವ ವ್ಯತ್ಯಾಸ 0.0003 ಮಿಲಿಲೀಟರ್.

ಪಿಪೆಟ್ಟಿನ ಅಸಲಿ ದೋಷ 2024ರಲ್ಲಿ ಸಿಕ್ಕಿತು. ಹತ್ತು ತೂಕಗಳು ಸಾಮಾನ್ಯವಾಗಿ 0.4 ಮಿಲಿಗ್ರಾಂ ಅಂತರದೊಳಗೆ ಇರುತ್ತಿದ್ದವು. ಆ ಬೆಳಗ್ಗೆ ಒಂದು 99.2, ಮುಂದಿನದು 97.6, ಮತ್ತೆ 99. ಎಲ್ಲವೂ ಒಂದೇ ಕಡೆಗೆ ವಾಲಿದ್ದರೆ ಲೆಕ್ಕವನ್ನೋ ಕೀಲಿಯನ್ನೋ ಅನುಮಾನಿಸುತ್ತೇನೆ. ಹೀಗೆ ಚದುರಿದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ನೀರು ಎಳೆದುಕೊಂಡು ಪಿಪೆಟ್ಟನ್ನು ನೆಟ್ಟಗೆ ಹಿಡಿದು ಇಪ್ಪತ್ತು ಎಣಿಸಿದೆ. ಟಿಪ್ಪಿನ ತುದಿಯಲ್ಲಿ ಹನಿ ಮೂಡಿತು. ಒಳಗಿನ ಸೀಲ್ ಹೋಯಿತೆಂದು ಎದೆ ಧಸಕ್ಕೆಂದಿತು. ಹೋಗಿದ್ದದ್ದು ಸೀಲ್ ಅಲ್ಲ, ಹಿಂದಿನ ವಾರ ಅಗ್ಗಕ್ಕೆ ತಂದ ಟಿಪ್ ಸರಿಯಾಗಿ ಕಚ್ಚುತ್ತಿರಲಿಲ್ಲ. ಪಿಪೆಟ್ ತಯಾರಿಸಿದವರದೇ ಟಿಪ್ ಹಾಕಿದಾಗ ಹನಿ ಮೂಡಲಿಲ್ಲ, ತೂಕಗಳೂ ಮತ್ತೆ ಒತ್ತೊತ್ತಾಗಿ ಬಂದವು. ಸಿಕ್ಕ ಟಿಪ್ಪನ್ನೆಲ್ಲ ಒಪ್ಪಿಕೊಳ್ಳದ ಈ ಹಟಮಾರಿತನಕ್ಕೆ ಒಂದು ನಕ್ಷತ್ರ ಕಡಿಮೆ ಕೊಡುತ್ತಿದ್ದೇನೆ. ಅವರ ಟಿಪ್ಪಿಗೆ ಬೆಲೆ ಹೆಚ್ಚು, ವರ್ಷದ ಲೆಕ್ಕದಲ್ಲಿ ಪಿಪೆಟ್ಟಿನ ಬೆಲೆಯನ್ನೇ ಮೀರುತ್ತದೆ.

ಇನ್ನೊಂದು ಅರ್ಧ ನಕ್ಷತ್ರ ಕಡಿಮೆ, 30 ಡಿಗ್ರಿಗೆ ಮುಗಿಯುವ ಆ ಕೋಷ್ಟಕಕ್ಕೆ. 31ರಿಂದ 35ರವರೆಗಿನ ಸಾಲುಗಳನ್ನು ನಾನೇ ಲೆಕ್ಕ ಹಾಕಿ ಕೈಪಿಡಿಯ ಕೆಳಗೆ ಪೆನ್ನಿನಲ್ಲಿ ಬರೆದಿದ್ದೇನೆ.

ಇದೇ ಪಿಪೆಟ್ಟಿನ 10 ಮೈಕ್ರೋಲೀಟರ್ ತುದಿಯ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ನನ್ನ ತಕ್ಕಡಿ ಓದುವುದು 0.1 ಮಿಲಿಗ್ರಾಂವರೆಗೆ. ಅದು 100ರಲ್ಲಿ ಶೇಕಡಾ 0.1, ಹತ್ತು ಸಲದ ಸರಾಸರಿಗೆ ನನ್ನ ಕೆಲಸಕ್ಕೆ ನಡೆಯುತ್ತದೆ. 10ರಲ್ಲಿ ಅದೇ ಶೇಕಡಾ ಒಂದು, ಮೇಲೆ ಆವಿಯೂ ಅಷ್ಟೇ. ಆ ತುದಿಗಾಗಿ ವರ್ಷಕ್ಕೊಮ್ಮೆ ಇದಕ್ಕಿಂತ ಸೂಕ್ಷ್ಮವಾದ ತಕ್ಕಡಿ ಇರುವಲ್ಲಿಗೆ ಕೊರಿಯರ್ ಮಾಡುತ್ತೇನೆ. ಮೊದಲ ಸಲ ಕಳುಹಿಸುವಾಗ ಸಹಾಯಕಿ ಕೀಲಿಯನ್ನೂ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ತೆಗೆದು ಮತ್ತೆ ಡ್ರಾಯರಿಗೆ ಹಾಕಿದೆ. ಅದರ ಮೇಲೆ ಅಂಟಿಸಿದ ಬ್ಯಾಂಡೇಜ್ ಪಟ್ಟಿಯಲ್ಲಿ “ಮೊದಲು ನೀರಿನ ಉಷ್ಣತೆ” ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ.