ಹಾಳೆ ನೋಡಿ ನಂಬಬೇಡಿ, ಕಪ್ಲಿಂಗಿನ ಬೋಲ್ಟ್ ಬಿಚ್ಚಿ ನೋಡಿ

ಹೊಸದಾಗಿ ಫ್ಲ್ಯಾಂಜ್ ಕಪ್ಲಿಂಗ್ ಮಾಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ವರ್ಕ್‌ಶಾಪಿನ ಹೆಸರು ಹಾಕಲ್ಲ. ಅವರು ಮಾಡಿದ್ದನ್ನು ಮಾತ್ರ ಹೇಳುತ್ತೇನೆ, ಇದೇ ಲೆಕ್ಕದ ಹಾಳೆ ನಿಮ್ಮ ಕೈಗೂ ಬರಬಹುದು.

ನಮ್ಮದು ಮಂಡ್ಯ ಕಡೆ ಆಲೆಮನೆ. ಗಾಣಕ್ಕೆ 20 ಎಚ್‌ಪಿ ಮೋಟರ್, ಅಂದರೆ 15 ಕಿಲೋವ್ಯಾಟ್. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟ್ ನಿಮಿಷಕ್ಕೆ 72 ಸುತ್ತು ತಿರುಗುತ್ತೆ. ಆ ಶಾಫ್ಟನ್ನೂ ಗಾಣದ ಶಾಫ್ಟನ್ನೂ ಸೇರಿಸೋದಕ್ಕೆ ಒಂದು ಕಪ್ಲಿಂಗ್ ಬೇಕಿತ್ತು. ಶಾಫ್ಟಿಗೊಂದು ದಪ್ಪ ತಟ್ಟೆ, ಅದೇ ಫ್ಲ್ಯಾಂಜ್, ಎರಡನ್ನೂ ಬೋಲ್ಟಿನಿಂದ ಬಿಗಿಯೋದು, ಅಷ್ಟೇ. ಎರಡೂ 60 ಮಿ.ಮೀ. ಶಾಫ್ಟ್. ಕೊಟೇಶನ್ನಿನಲ್ಲಿ 'ರೀಮರ್ ಹೊಡೆದ ತೂತಿಗೆ ಫಿಟೆಡ್ ಬೋಲ್ಟ್' ಅಂತ ಅವರೇ ಬರೆದಿದ್ದರು, ಅಂದರೆ ಸರಿಯಾದ ಅಳತೆಗೆ ನಯ ಮಾಡಿದ ತೂತಿನಲ್ಲಿ ಸಡಿಲ ಇಲ್ಲದೆ ಕೂರುವ ಬೋಲ್ಟ್. ಮಾಲು ಬಂದಿದ್ದು ಬಿಗಿದು, ಪೇಂಟ್ ಹೊಡೆದು. ಹೊರಗೆ ಕಾಣುತ್ತಿದ್ದದ್ದು ಬೋಲ್ಟಿನ ತಲೆ, ನಟ್ಟು ಮಾತ್ರ. ಜೊತೆಗೆ ಸೀಲು ಹಾಕಿದ ಲೆಕ್ಕದ ಹಾಳೆ ಬೇರೆ!

ಸ್ವಲ್ಪ ದಿನಕ್ಕೆ ಎರಡು ಫ್ಲ್ಯಾಂಜಿನ ಸಂದಿಯಲ್ಲಿ ಕೆಂಪು ಪುಡಿ ಬರೋಕೆ ಶುರುವಾಯಿತು. ಫೋನ್ ಮಾಡಿದೆ. "ಹೊಸದಲ್ವಾ ಸಾರ್, ಪೇಂಟ್ ಉದುರುತ್ತೆ" ಅಂದರು. ಪೇಂಟ್ ನೀಲಿ. ಪುಡಿ ಕೆಂಪು. ಬಿಗಿಯಾಗಿರಬೇಕಾದ ಎರಡು ಕಬ್ಬಿಣ ಒಂದರ ಮೇಲೊಂದು ಜಾರಾಡಿದಾಗ ಬರುವ ತುಕ್ಕಿನ ಪುಡಿ ಅದು. ಇಷ್ಟು ವರ್ಷದಿಂದ ಇದೇ ಕೆಲಸ ಮಾಡುವವರಿಗೆ ಅದು ಗೊತ್ತಿರಲ್ವಾ?

ಆಮೇಲೆ ಒಂದು ಸಂಜೆ ಗಾಣದ ಬಾಯಿಗೆ ಒಂದು ಕಂತೆ ಕಬ್ಬು ಜಾಸ್ತಿ ಹೋಯಿತು, ಢಬ್ ಅಂತ ಸದ್ದು. ಮೋಟರ್ ತಿರುಗುತ್ತಲೇ ಇದೆ, ಗಾಣ ನಿಂತಿದೆ. ನಾಲ್ಕೂ ಬೋಲ್ಟ್ ತುಂಡು. ಕೊಪ್ಪರಿಗೆಯಲ್ಲಿ ಅರ್ಧ ಹಾಲು, ಹೊರಗೆ ಕಡಿದು ತಂದ ಕಬ್ಬಿನ ರಾಶಿ, ಕಬ್ಬಿನವರು ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದಾರೆ. ಆ ಅವಮಾನ ಯಾರಿಗೂ ಬೇಡ.

ತುಂಡುಗಳನ್ನು ಕೈಗೆತ್ತಿಕೊಂಡಾಗ ಮೈ ಉರಿದು ಹೋಯಿತು. ತೂತು 14 ಮಿ.ಮೀ., ಒಳಗಿದ್ದ ಬೋಲ್ಟ್ 12 ಮಿ.ಮೀ., ಅದೂ ತಲೆಯವರೆಗೂ ಥ್ರೆಡ್ ಇರುವುದು! ಎದುರುಬದುರಿನ ಎರಡು ಬೋಲ್ಟ್ ಚಾಕುವಿನಲ್ಲಿ ಕುಯ್ದ ಹಾಗೆ ಚಪ್ಪಟೆಯಾಗಿ ಕತ್ತರಿಸಿವೆ. ಉಳಿದೆರಡು ಬಾಗಿ ಹರಿದಿವೆ. ಅಂದರೆ ಭಾರ ಹೊತ್ತಿದ್ದು ಮೊದಲ ಎರಡೇ, ಅವು ಹೋದ ಮೇಲೆ ಉಳಿದವೂ ಹೋದವು. ಆ ಎರಡರ ತೂತುಗಳು ತಿರುಗುವ ದಿಕ್ಕಿಗೆ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದವು. ತಲೆಯ ಮೇಲೆ 4.6 ಅಂತ ಅಚ್ಚು, ಅಂದರೆ ಮೆದು ಉಕ್ಕು.

ಫೋನ್ ಮಾಡಿದರೆ ಮೊದಲ ಉತ್ತರ, "ನಿಮ್ಮ ಮೋಟರ್ ಜಾಸ್ತಿ ಎಳೀತಾ ಇದೆ ಸಾರ್. ಲೆಕ್ಕ ಕೊಟ್ಟಿದ್ದೀವಲ್ಲ, ನೋಡಿ."

ನೋಡಿದೆ. ಚೆನ್ನಾಗಿಯೇ ನೋಡಿದೆ. ಟಾರ್ಕ್ ಸರಿಯಾಗಿದೆ, 9550 × 15 / 72, ಹತ್ತಿರ ಹತ್ತಿರ 2000 ನ್ಯೂಟನ್ ಮೀಟರ್, ಮಿ.ಮೀ. ಲೆಕ್ಕಕ್ಕೆ 2000000. ಬೋಲ್ಟ್ ನಾಲ್ಕು, ಬೋಲ್ಟುಗಳು ಕೂತಿರುವ ವೃತ್ತದ ವ್ಯಾಸ, ಅದೇ ಪಿಸಿಡಿ, 180 ಮಿ.ಮೀ. ಅದೂ ಸರಿ. ಅದರ ಕೆಳಗಿನ ಸಾಲು ಇದು:

```
F = T / (n × D) = 2000000 / (4 × 180) = 2778 N
```

ಈ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಬೋಲ್ಟ್ ಇರೋದು ಮಧ್ಯದಿಂದ 90 ಮಿ.ಮೀ. ದೂರದಲ್ಲಿ, 180ರಲ್ಲಿ ಅಲ್ಲ! ಟಾರ್ಕನ್ನು ಭಾಗಿಸಬೇಕಾದ್ದು ಅರ್ಧ ವ್ಯಾಸದಿಂದ. ಸರಿಯಾದ ಲೆಕ್ಕ ಹೀಗೆ:

```
F = 2T / (n × D) = 4000000 / (4 × 180) = 5556 N
```

ಒಂದು '2' ಬಿಟ್ಟರು, ಬೋಲ್ಟಿನ ಭಾರ ಅರ್ಧ ಆಯಿತು. ಬೇಕಂತಲೇ ಬಿಟ್ಟರೋ ಇಲ್ಲವೋ ದೇವರಿಗೇ ಗೊತ್ತು. ಆ 2778ನ್ನು 12 ಮಿ.ಮೀ. ಬೋಲ್ಟಿನ ಪೂರ್ತಿ ಅಡ್ಡಕೊಯ್ತ, ಅಂದರೆ 113 ಚದರ ಮಿ.ಮೀ.ನಿಂದ ಭಾಗಿಸಿ ಶಿಯರ್ ಸ್ಟ್ರೆಸ್, ಅಂದರೆ ಬೋಲ್ಟನ್ನು ಅಡ್ಡಕ್ಕೆ ಕತ್ತರಿಸುವ ಒತ್ತಡ, 25 ಎಂಪಿಎ, ಮಿತಿ 40, 'ಸೇಫ್' ಅಂತ ಬರೆದಿದ್ದಾರೆ. ಆದರೆ ಎರಡು ಫ್ಲ್ಯಾಂಜ್ ಸೇರುವ ಜಾಗದಲ್ಲಿ, ಬೋಲ್ಟ್ ಕತ್ತರಿಸೋ ಜಾಗದಲ್ಲೇ, ಥ್ರೆಡ್ ಇದೆ. ಥ್ರೆಡ್ಡಿನ ತಳದಲ್ಲಿ ಉಳಿಯೋದು 76 ಚದರ ಮಿ.ಮೀ. ಮಾತ್ರ. 5556 ಭಾಗಿಸು 76, ಅಂದರೆ 73 ಎಂಪಿಎ. ಅವರದೇ ಮಿತಿ ಇಲ್ಲೇ ದಾಟಿತು.

ಇದು ನಾಲ್ಕೂ ಬೋಲ್ಟ್ ಸಮನಾಗಿ ಹೊತ್ತರೆ. 2 ಮಿ.ಮೀ. ಸಡಿಲ ಇರುವ ತೂತಿನಲ್ಲಿ ಸಮನಾಗಿ ಎಲ್ಲಿ ಹೊರುತ್ತವೆ? ಮೊದಲು ತಾಗಿದವು ಹೊರುತ್ತವೆ. ನಮ್ಮಲ್ಲಿ ಎರಡು, 146 ಎಂಪಿಎ. ಕಬ್ಬು ಸಿಕ್ಕಿಕೊಂಡಾಗ ಮೋಟರ್ ನಿಲ್ಲುವ ಮುಂಚೆ ತನ್ನ ರೇಟೆಡ್ ಟಾರ್ಕಿನ ಎರಡು ಪಟ್ಟಾದರೂ ಎಳೆಯುತ್ತೆ. ಆಗ 292. 4.6 ಬೋಲ್ಟಿನ ಎಳೆತದ ಶಕ್ತಿ 400, ಶಿಯರಿನಲ್ಲಿ ಅದರ ಶೇಕಡ 60ರಷ್ಟು, ಅಂದರೆ 240ರ ಹತ್ತಿರ ಕತ್ತರಿಸುತ್ತೆ. ಇದರಲ್ಲಿ ಮೋಟರಿನ ತಪ್ಪು ಎಲ್ಲಿದೆ?

ಇಷ್ಟು ಹೇಳಿದ ಮೇಲೆ ಬಂದ ಉತ್ತರ: "ಬೇರಿಂಗ್ ಪ್ರೆಶರ್ ನೋಡಿ ಸಾರ್, ಬರೀ 13." ಬೋಲ್ಟ್ ತೂತಿನ ಗೋಡೆಯನ್ನು ಒತ್ತುವ ಒತ್ತಡ ಅದು. ಬಲವನ್ನು ಬೋಲ್ಟಿನ ವ್ಯಾಸ ಮತ್ತು ಫ್ಲ್ಯಾಂಜಿನ ದಪ್ಪದಿಂದ ಭಾಗಿಸೋದು, ಇಲ್ಲಿ 12 × 18. ಅವರ ಅರ್ಧ ಬಲದಿಂದಲೇ ಆ 13 ಬಂದಿದ್ದು. ಎರಡೇ ಬೋಲ್ಟ್ ಹೊತ್ತಾಗ 51, ಕಬ್ಬು ಸಿಕ್ಕಿದಾಗ 103. ಅವರೇ ಬರೆದ ಮಿತಿ 80. ಅದೂ ಬೋಲ್ಟ್ ತೂತಿಗೆ ಪೂರ್ತಿ ಅಂಟಿ ಕೂತಿದ್ದರೆ ಈ ಲೆಕ್ಕ. 14ರ ತೂತಿನಲ್ಲಿ 12ರ ಬೋಲ್ಟ್ ತಾಗೋದು ಒಂದು ಗೆರೆಯಷ್ಟು, ಅದೂ ಥ್ರೆಡ್ಡಿನ ತುದಿಗಳು ಮಾತ್ರ. ತೂತು ಮೊಟ್ಟೆಯಾಗದೆ ಇನ್ನೇನಾಗುತ್ತೆ?

ಆಮೇಲೆ ಮಾತು ಬದಲಾಯಿತು. "ಸರಿಯಾಗಿ ಟೈಟ್ ಮಾಡಿದ್ರೆ ಬೋಲ್ಟ್ ಮೇಲೆ ಶಿಯರೇ ಬರಲ್ಲ ಸಾರ್, ಫ್ರಿಕ್ಷನ್ನೇ ಎಳೆಯುತ್ತೆ." ಬಿಗಿದು ತಂದವರು ಅವರೇ, ಇರಲಿ. ಮಾತು ಅರ್ಧ ನಿಜ, ಅದಕ್ಕೇ ಜಾಸ್ತಿ ಕೋಪ ಬಂತು. 12ರ 4.6 ಬೋಲ್ಟನ್ನು ಅದು ತಡೆಯುವಷ್ಟು ಬಿಗಿದರೆ 14,000 ನ್ಯೂಟನ್ ಹಿಡಿತ. ಒಣ ಕಬ್ಬಿಣಕ್ಕೆ ಫ್ರಿಕ್ಷನ್ 0.15 ಇಟ್ಟರೆ 2,100. ಬೇಕಾದ್ದು 5,556. ಅದಕ್ಕೇ ಜಾರಿದ್ದು, ಅದಕ್ಕೇ ಕೆಂಪು ಪುಡಿ.

ಕೊನೆಗೆ, "ಬೋಲ್ಟ್ ಮುರಿದಿದ್ದೇ ಒಳ್ಳೇದಾಯ್ತು ಸಾರ್, ಶಾಫ್ಟ್ ಉಳೀತು. ಅದು ಸೇಫ್ಟಿ." ಸೇಫ್ಟಿಗೆ ಶಿಯರ್ ಪಿನ್ ಅಂತ ಬೇರೆಯೇ ಇದೆ ಸ್ವಾಮಿ. ಎಷ್ಟು ಟಾರ್ಕಿಗೆ ಮುರಿಯಬೇಕು ಅಂತ ಲೆಕ್ಕ ಹಾಕಿ ಇಡೋದು ಅದು. ನಿಮ್ಮದರಲ್ಲಿ ಆ ಲೆಕ್ಕವೇ ತಪ್ಪು.

ಬೇರೆ ಲೇತಿನವರ ಹತ್ತಿರ ಎರಡೂ ಫ್ಲ್ಯಾಂಜನ್ನು ಒಟ್ಟಿಗೆ ಹಿಡಿದು ತೂತನ್ನು 16ಕ್ಕೆ ಬೋರ್ ಮಾಡಿ ರೀಮರ್ ಹೊಡೆಸಿದೆ. ತೂತು 15 ದಾಟಿ ಎಳೆದುಕೊಂಡಿದ್ದರಿಂದ ಅದೂ ಕಷ್ಟದಲ್ಲೇ ಆಯಿತು. ಸೇರುವ ಜಾಗದಲ್ಲಿ ಥ್ರೆಡ್ ಇಲ್ಲದ 16ರ ಬೋಲ್ಟ್, ಸಣ್ಣ ಸುತ್ತಿಗೆಯಲ್ಲಿ ತಟ್ಟಿದರಷ್ಟೇ ಒಳಗೆ ಹೋಗುವ ಹಾಗೆ. ಈಗ ಶಿಯರ್ 28, ಬೇರಿಂಗ್ 19. ಎರಡು ಪಟ್ಟು ಬಂದರೂ 55, 39. ಕೆಂಪು ಪುಡಿ ಇಲ್ಲ.

ನೀವು ಮಾಡಿಸುವವರಾದರೆ ದುಡ್ಡು ಕೊಡುವ ಮುಂಚೆ ಅವರ ಎದುರಿಗೇ ಒಂದು ಬೋಲ್ಟ್ ಬಿಚ್ಚಿಸಿ. ಕೈಯಲ್ಲಿ ಸುಮ್ನೆ ಜಾರಿ ಬಂದರೆ ವಾಪಸ್ ಕಳಿಸಿ. ಹಾಳೆಯಲ್ಲಿ '2T' ಇದೆಯಾ, ಇಲ್ಲ ವ್ಯಾಸದ ಬದಲು ಅದರ ಅರ್ಧ ಇದೆಯಾ ನೋಡಿ, ಎರಡೂ ಇಲ್ಲದಿದ್ದರೆ ಮುಂದೆ ಓದಲೇಬೇಡಿ. ನನ್ನ ದುಡ್ಡು ವಾಪಸ್ ಬಂದಿಲ್ಲ. ಅದರ ಬದಲು ಬಸ್ಸಿನ ಪಾರ್ಸೆಲ್ಲಿನಲ್ಲಿ ಹೊಸ ಬೋಲ್ಟ್ ಕಳಿಸಿದ್ದಾರೆ. ಈ ಸಲ ತಲೆಯ ಮೇಲೆ 8.8 ಇದೆ. ದಪ್ಪ ಮತ್ತೆ 12, ಥ್ರೆಡ್ ಮತ್ತೆ ತಲೆಯವರೆಗೂ.