ಒಂದೇ ಮೊಟ್ಟೆಯನ್ನು ಅರ್ಧ ಮಾಡುವುದು ಹೇಗೆ: ನಾಲ್ಕು ವಿಧಾನಗಳ ಹೋಲಿಕೆ

ನಮ್ಮ ಮನೆಯಲ್ಲಿ ಇರುವವರು ಇಬ್ಬರೇ ಆದ್ದರಿಂದ ಹದಿನೆಂಟು ಚಾಕೊಲೇಟ್ ಚಿಪ್ ಕುಕ್ಕಿಗಳಾಗುವ ಅಳತೆಯನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಮೈದಾ, ಬೆಣ್ಣೆ, ಸಕ್ಕರೆಗಳನ್ನು ಅರ್ಧ ಮಾಡಲು ತಕ್ಕಡಿ ಸಾಕು. ಆದರೆ ಮೂಲ ಅಳತೆಯಲ್ಲಿ 'ಮೊಟ್ಟೆ 1' ಎಂದಿದ್ದರೆ ಕೈ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕು ಪರಿಹಾರಗಳನ್ನು ಹೇಳುತ್ತಾರೆ: ಕಲಕಿ ತೂಗಿ ಅರ್ಧ ಹಾಕುವುದು, ಹಳದಿ ಭಾಗವನ್ನು ಮಾತ್ರ ಹಾಕುವುದು, ಬಿಳಿ ಭಾಗವನ್ನು ಮಾತ್ರ ಹಾಕುವುದು, ಇಲ್ಲವೇ ಯೋಚನೆ ಮಾಡದೆ ಇಡೀ ಮೊಟ್ಟೆಯನ್ನೇ ಹಾಕಿಬಿಡುವುದು. ನಾಲ್ಕನ್ನೂ ಒಂದೇ ದಿನ, ಒಂದೇ ಓಟಿಜಿಯಲ್ಲಿ ಮಾಡಿ ನೋಡಿದೆ.

ಮೂಲ ಅಳತೆ ಹೀಗಿದೆ: ಮೈದಾ 140 ಗ್ರಾಂ, ಬೆಣ್ಣೆ 110 ಗ್ರಾಂ, ಸಕ್ಕರೆ 150 ಗ್ರಾಂ, ಚಾಕೊಲೇಟ್ ಚೂರು 120 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಒಂದು ಮೊಟ್ಟೆ. ಬೆಣ್ಣೆ ಮತ್ತು ಸಕ್ಕರೆಯನ್ನು ಒಟ್ಟಿಗೇ ನಾದಿ ನಾಲ್ಕು ಬಟ್ಟಲುಗಳಿಗೆ ಸಮನಾಗಿ ತೂಗಿ ಹಂಚಿ, ಪ್ರತಿ ಬಟ್ಟಲಿಗೂ ಮೊಟ್ಟೆಯನ್ನು ಬೇರೆ ಬೇರೆ ರೀತಿಯಲ್ಲಿ ಸೇರಿಸಿದ ಮೇಲೆ ಒಣ ಪದಾರ್ಥಗಳನ್ನು ಹಾಕಿದೆ. ಕಣಕವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 30 ಗ್ರಾಂ ತೂಕದ ಉಂಡೆಗಳನ್ನು ಮಾಡಿ, 175 ಡಿಗ್ರಿಯಲ್ಲಿ ಬೇಯಿಸಿದೆ. ವ್ಯತ್ಯಾಸ ಕಂಡರೆ ಅದು ಮೊಟ್ಟೆಯದೇ ಆಗಿರಬೇಕು ಎಂಬುದಷ್ಟೇ ಈ ಶಿಸ್ತಿನ ಉದ್ದೇಶವಾಗಿತ್ತು.

ಮೊದಲನೆಯ ವಿಧಾನದಲ್ಲಿ ಒಂದು ಪೂರ್ವಪ್ರಶ್ನೆ ಇದೆ: ಯಾವುದರ ಅರ್ಧ? ಅಮೆರಿಕದ ಅಳತೆಗಳಲ್ಲಿ 'ದೊಡ್ಡ ಮೊಟ್ಟೆ' ಎಂದರೆ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ ಎಂದು ಅರ್ಥ. ನಾನು ಅಂಗಡಿಯಿಂದ ತಂದ ಮೊಟ್ಟೆ ಚಿಪ್ಪಿನೊಡನೆ 52 ಗ್ರಾಂ ಇತ್ತು. ಚಿಪ್ಪು ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನಷ್ಟಿರುವುದರಿಂದ ಒಳಗೆ ಸಿಕ್ಕಿದ್ದು 46 ಗ್ರಾಂ. ಆದ್ದರಿಂದ ಕೈಯಲ್ಲಿರುವ ಮೊಟ್ಟೆಯನ್ನು ಎರಡು ಭಾಗ ಮಾಡುವ ಬದಲು, ಅರ್ಧಕ್ಕೆ 25 ಗ್ರಾಂ, ಮೂರನೇ ಒಂದು ಭಾಗಕ್ಕೆ 17 ಗ್ರಾಂ ಎಂದು ನಿಗದಿ ಮಾಡಿಕೊಂಡು ಅಷ್ಟನ್ನು ತೂಗುವುದೇ ಸರಿ. ತಕ್ಕಡಿ ಇಲ್ಲದವರು 15 ಮಿಲಿಯ ಅಳತೆ ಚಮಚ ಬಳಸಬಹುದು. ಕಲಕಿದ ಮೊಟ್ಟೆ ಒಂದು ಚಮಚಕ್ಕೆ ಹೆಚ್ಚುಕಡಿಮೆ 15 ಗ್ರಾಂ ತೂಗುತ್ತದೆ. ಅರ್ಧಕ್ಕೆ ಒಂದೂವರೆ ಚಮಚಕ್ಕಿಂತ ತುಸು ಹೆಚ್ಚು, ಮೂರನೇ ಭಾಗಕ್ಕೆ ಒಂದು ಚಮಚಕ್ಕಿಂತ ತುಸು ಹೆಚ್ಚು ಎಂದುಕೊಂಡರೆ ತಪ್ಪಾಗುವುದಿಲ್ಲ.

ಇಲ್ಲಿ ಕೆಡುವುದು ತೂಗುವಾಗ ಅಲ್ಲ, ಕಲಕುವಾಗ. ಬಿಳಿಯ ಗಟ್ಟಿ ಲೋಳೆ ಸರಿಯಾಗಿ ಒಡೆಯದಿದ್ದರೆ, ಬಗ್ಗಿಸಿದಾಗ ಮೊಟ್ಟೆ ಧಾರೆಯಾಗಿ ಇಳಿಯದೆ ಒಂದೇ ಮುದ್ದೆಯಾಗಿ ಜಾರುತ್ತದೆ. 25 ಗ್ರಾಂಗೆ ನಿಲ್ಲಿಸಬೇಕೆಂದುಕೊಂಡವರ ತಕ್ಕಡಿ 38 ತೋರಿಸುತ್ತದೆ. ಹಾಗೆ ಜಾರಿದ್ದರಲ್ಲಿ ಬಹುಪಾಲು ಬಿಳಿಯೇ ಇರುವುದರಿಂದ ಪ್ರಮಾಣವೂ ಕೆಡುತ್ತದೆ. ಅಳತೆಯಲ್ಲಿರುವ ಉಪ್ಪನ್ನು ಮೊಟ್ಟೆಗೇ ಹಾಕಿ, ಮುಳ್ಳುಚಮಚದಿಂದ ನೊರೆ ಬಾರದಂತೆ ಕಲಕಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಿದರೆ ಲೋಳೆ ಸಡಿಲವಾಗುತ್ತದೆ. ಅರ್ಧ ಮೊಟ್ಟೆಯ ಜೊತೆ ಅರ್ಧ ಉಪ್ಪು ಮಾತ್ರ ಹೋಗುವುದರಿಂದ ಆ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. ಇನ್ನೂ ಎಳೆಗಳು ಕಂಡರೆ ಟೀ ಸೋಸುವ ಜಾಲರಿಯಲ್ಲಿ ಚಮಚದಿಂದ ಒತ್ತಿ ಇಳಿಸಬಹುದು. ಹೀಗೆ ಮಾಡಿದ ಕುಕ್ಕಿಗಳು ಪೂರ್ತಿ ಅಳತೆಯಲ್ಲಿ ಮಾಡಿದವುಗಳಂತೆಯೇ ಬಂದವು: ಅಂಚು ಗರಿ, ನಡು ಮೆತ್ತಗೆ.

ಹಳದಿ ಭಾಗವನ್ನು ಮಾತ್ರ ಹಾಕುವ ವಿಧಾನ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕುತೂಹಲಕರವಾಗಿತ್ತು. ಒಂದು ಹಳದಿ ಸುಮಾರು 17 ಗ್ರಾಂ ಇರುತ್ತದೆ. ಮೂರನೇ ಒಂದು ಮೊಟ್ಟೆಯ ತೂಕವೂ ಅಷ್ಟೇ ಆದ್ದರಿಂದ, ಅಳತೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸುವಾಗ ಹಳದಿ ಹಾಕಿದರೆ ಲೆಕ್ಕ ಮುಗಿಯಿತು ಎಂದು ಅನ್ನಿಸಬಹುದು. ತೂಕ ಸರಿಹೋದರೂ ಒಳಗಿನ ಪದಾರ್ಥ ಸರಿಹೋಗುವುದಿಲ್ಲ. ಇಡೀ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರಿರುತ್ತದೆ; ಹಳದಿಯಲ್ಲಿ ನೀರು ಅರ್ಧದಷ್ಟು ಮಾತ್ರ, ಉಳಿದದ್ದರಲ್ಲಿ ಕೊಬ್ಬೇ ಹೆಚ್ಚು. ಅರ್ಧ ಮೊಟ್ಟೆಯ ಜಾಗದಲ್ಲಿ ಬರಿಯ ಹಳದಿ ಹಾಕಿದಾಗ ಸುಮಾರು 10 ಗ್ರಾಂ ನೀರು ಕಡಿಮೆಯಾಗುತ್ತದೆ. ನನ್ನ ಬಟ್ಟಲಿನಲ್ಲಿ ಅದು ಕೂಡಲೇ ಗೊತ್ತಾಯಿತು: ಕಣಕ ಉದುರುದುರಾಗಿತ್ತು, ಉಂಡೆ ಕಟ್ಟುವಾಗ ಬಿರುಕು ಬಿಟ್ಟಿತು, ಕುಕ್ಕಿಗಳು ಹೆಚ್ಚು ಹರಡದೆ ದಪ್ಪವಾಗಿ ಉಳಿದವು. ಆದರೆ ರುಚಿ ಕೆಟ್ಟಿರಲಿಲ್ಲ. ಗಟ್ಟಿ, ಬೆಣ್ಣೆಬೆಣ್ಣೆಯಾದ ಕುಕ್ಕಿ ಇಷ್ಟಪಡುವವರು ಇದನ್ನೇ ಆರಿಸಬಹುದು.

ಈ ಕೊರತೆಯನ್ನು ತುಂಬುವುದು ಸುಲಭ. ಮತ್ತೊಂದು ದಿನ ಹಳದಿಯ ಜೊತೆ ಎರಡು ಟೀ ಚಮಚ ಹಾಲು ಸೇರಿಸಿ ಅರ್ಧ ಅಳತೆಯನ್ನು ಮಾಡಿದೆ. ಕಣಕ ಸರಿಯಾಗಿ ಕೂಡಿಕೊಂಡಿತು; ಕುಕ್ಕಿಗಳನ್ನು ತೂಗಿ ಮಾಡಿದವುಗಳ ಪಕ್ಕದಲ್ಲಿಟ್ಟಾಗ ಬಣ್ಣ ಕೊಂಚ ಹೆಚ್ಚು ಹಳದಿ ಎನ್ನುವುದನ್ನು ಬಿಟ್ಟರೆ ಬೇರೆ ಗುರುತು ಸಿಗಲಿಲ್ಲ. ಅಂಟಿಸುವ ಕೆಲಸ ಮಾಡುವ ಪ್ರೋಟೀನ್ ಒಂದು ಹಳದಿಯಲ್ಲಿ ಅರ್ಧ ಮೊಟ್ಟೆಯಲ್ಲಿರುವಷ್ಟಕ್ಕೆ ಹತ್ತಿರವೇ ಇರುವುದು ಇದಕ್ಕೆ ಕಾರಣ. ಹೆಚ್ಚಾಗುವ ಎರಡು ಗ್ರಾಂನಷ್ಟು ಕೊಬ್ಬು, 55 ಗ್ರಾಂ ಬೆಣ್ಣೆಯ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಮೂರನೇ ಭಾಗಕ್ಕಾದರೆ ಹಳದಿಗೆ ಒಂದು ಟೀ ಚಮಚಕ್ಕಿಂತ ಹೆಚ್ಚು ಹಾಲು ಬೇಡ.

ಬಿಳಿ ಭಾಗದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅದರ ತೂಕ 30 ಗ್ರಾಂ ಸುಮಾರು, ಅಂದರೆ ಬೇಕಾದ 25ಕ್ಕೆ ಹತ್ತಿರ. ಆದರೆ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಕೊಬ್ಬು ಇಲ್ಲವೇ ಇಲ್ಲ ಎನ್ನಬಹುದು. ಬಿಸಿ ಇದ್ದಾಗ ಚೆನ್ನಾಗಿದ್ದ ಕುಕ್ಕಿಗಳು ಮರುದಿನ ಒಣಗಿ ಬಿರುಸಾಗಿದ್ದವು. ಹಳದಿಯನ್ನು ಬೇರೆಯದಕ್ಕೆ ಎತ್ತಿಟ್ಟು ಬಿಳಿ ಮಿಕ್ಕಿದ್ದರೆ ಮಾತ್ರ ಈ ದಾರಿ ಹಿಡಿಯುವುದು ಸರಿ.

ಇಡೀ ಮೊಟ್ಟೆ ಹಾಕುವವರನ್ನು ಸೋಮಾರಿಗಳು ಎಂದು ಬೈಯುವ ಮೊದಲು ಏನು ಮಾಡುತ್ತಿದ್ದಾರೆ ಎಂದು ಕೇಳಬೇಕು. ಕುಕ್ಕಿಯ ಕಣಕದಲ್ಲಿ ಹಾಲು ನೀರು ಬೇರೆ ಇರುವುದಿಲ್ಲ. ಹೆಚ್ಚಾದ ಅರ್ಧ ಮೊಟ್ಟೆಯ ಸುಮಾರು 19 ಗ್ರಾಂ ನೀರನ್ನು ಕಳೆಯಲು ಅಲ್ಲಿ ಏನೂ ಉಳಿದಿಲ್ಲ. ನನ್ನ ನಾಲ್ಕನೆಯ ಬಟ್ಟಲಿನ ಕಣಕ ಕೈಗೆ ಅಂಟುತ್ತಿತ್ತು, ಬೆಂದದ್ದು ಕುಕ್ಕಿಯಲ್ಲ, ಸಣ್ಣ ಕೇಕು: ಉಬ್ಬಿದ, ಗರಿಯಿಲ್ಲದ, ಸ್ಪಂಜಿನಂಥ ಬಿಲ್ಲೆಗಳು. ಮೇಲೆ ಎರಡು ಚಮಚ ಮೈದಾ ಸುರಿದರೆ ಅಂಟು ಹೋಗುತ್ತದೆ, ಸಕ್ಕರೆ ಬೆಣ್ಣೆಗಳ ಪ್ರಮಾಣ ಮಾತ್ರ ತಪ್ಪುತ್ತದೆ. ಅದೇ ಪ್ಯಾನ್‌ಕೇಕ್ ಅಥವಾ ಮಫಿನ್ ಹಿಟ್ಟಾಗಿದ್ದರೆ, ಅರ್ಧ ಮಾಡಿದ ಹಾಲಿನಲ್ಲಿ ಇನ್ನೂ 20 ಮಿಲಿ ಕಡಿಮೆ ಮಾಡಿ ಇಡೀ ಮೊಟ್ಟೆಯನ್ನು ಹಾಕಬಹುದು. ಸ್ವಲ್ಪ ಮೊಟ್ಟೆಯ ವಾಸನೆ ಮುಂದೆ ಬರುತ್ತದೆ, ಅಷ್ಟೇ. ಮೂರನೇ ಭಾಗದ ಅಳತೆಗೆ ಇಡೀ ಮೊಟ್ಟೆ ಹಾಕುವುದನ್ನು ಮಾತ್ರ ನಾನು ಯಾವ ಹಿಟ್ಟಿಗೂ ಒಪ್ಪುವುದಿಲ್ಲ.

ಇವುಗಳಲ್ಲಿ ನಾನು ಉಳಿಸಿಕೊಂಡಿರುವುದು ಎರಡು: ತಕ್ಕಡಿ ಹೊರಗಿದ್ದರೆ ತೂಗುವುದು, ಇಲ್ಲದಿದ್ದರೆ ಹಳದಿ ಮತ್ತು ಹಾಲು. ಮೊಟ್ಟೆಯನ್ನು ನೊರೆಯಾಗುವಂತೆ ಬೀಸಿ ಗಾಳಿ ತುಂಬಬೇಕಾದ ಸ್ಪಂಜ್ ಕೇಕಿಗೆ ಈ ಎರಡೂ ಹೊಂದುವುದಿಲ್ಲ. 25 ಗ್ರಾಂ ಮೊಟ್ಟೆ ಬೀಸುವ ಯಂತ್ರದ ಕಡ್ಡಿಗಳಿಗೆ ಸಿಗದೆ ಬಟ್ಟಲಿನ ತಳದಲ್ಲೇ ಸುತ್ತುತ್ತಿರುತ್ತದೆ, ಅಂಥದ್ದನ್ನು ಪೂರ್ತಿ ಅಳತೆಯಲ್ಲೇ ಮಾಡುವುದು ಲೇಸು.

ತೂಗಿದ ಮೇಲೆ ಮಿಗುವ 21 ಗ್ರಾಂ ಮೊಟ್ಟೆಯನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು. ಅದರಲ್ಲಿ ಆಗಲೇ ಉಪ್ಪು ಇರುವುದರಿಂದ, ಕಾವಲಿಯ ಮೇಲಿನ ಒಂದು ದೋಸೆಗೆ ಹಾಗೆಯೇ ಸವರಿ, ಮೆಣಸಿನ ಪುಡಿ ಉದುರಿಸಿದರೆ ಬೆಳಗಿನ ಮೊಟ್ಟೆ ದೋಸೆಗೆ ಸರಿಯಾಗುತ್ತದೆ.